ನೀರಿಗಿಳಿಯದವರ ಕಾರ್ಡು

ಕಾಜಾ ಅಮ್ಮ ತನ್ನ ಬೀಗಿತ್ತಿಯನ್ನು ಮೊದಲ ಸಲ ಕಂಡದ್ದು ಕುರ್ಚಿಗಳ ನಡುವೆ. ಮಗಳ ಮದುವೆಗೆಂದು ಒಂದು ಸಣ್ಣ ಸಭಾಂಗಣ ಹಿಡಿದಿದ್ದರು. ಬಾಡಿಗೆ ಅಂಗಡಿಯವನು ಮಡಚು ಕುರ್ಚಿಗಳನ್ನು ಇಳಿಸಿ ಇಳಿಸಿ ಗೋಡೆಗೆ ಒರಗಿಸುತ್ತಿದ್ದ. ಬಾಗಿಲಲ್ಲಿ ನಿಂತ ಎತ್ತರದ ಹೆಂಗಸೊಬ್ಬಳು ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, "ಮುನ್ನೂರು ಕುರ್ಚಿ ಹೇಳಿದ್ಯಾರಪ್ಪ?" ಎಂದಳು.

"ನಾನೇ," ಎಂದಳು ಕಾಜಾ ಅಮ್ಮ. "ಮುನ್ನೂರು ಜನ ಬರ್ತಾರಲ್ಲ."

"ಬರೋದು ಮುನ್ನೂರು ಜನ ಸರಿ. ಒಂದೇ ಹೊತ್ತಿಗೆ ಕೂರೋರು ಎಷ್ಟು ಜನ? ಅರ್ಧ ಜನ ಊಟದ ಕಡೆ ಇರ್ತಾರೆ. ಇನ್ನೊಂದಿಷ್ಟು ಜನ ನಿಂತ್ಕೊಂಡೇ ಹರಟೆ ಹೊಡೀತಾರೆ. ಬಂದೋರಿಗೆಲ್ಲ ಬಾಡಿಗೆ ಯಾಕೆ ಕೊಡ್ಬೇಕು, ಕೂತೋರಿಗೆ ಕೊಟ್ರೆ ಸಾಲ್ದಾ?"

ಅಂಗಡಿಯವನ ಮುಖ ಹುಳ್ಳಗಾಯಿತು. ನೂರೈವತ್ತು ಕುರ್ಚಿ ವಾಪಸ್ಸು ಗಾಡಿ ಹತ್ತಿದವು. ಮದುವೆಯ ದಿನ ಒಬ್ಬರೂ ಕುರ್ಚಿಗಾಗಿ ತಡಕಾಡಲಿಲ್ಲ. ಅದಕ್ಕೆ ಕಾಜಾ ಅಮ್ಮನ ತಕರಾರೇನೂ ಇರಲಿಲ್ಲ. ಅವಳ ಎದೆಗೆ ನಾಟಿದ್ದು ಬೇರೆ. ಕುರ್ಚಿಗಳು ಗಾಡಿ ಹತ್ತುವಾಗ ಮಗಳು ಬಾಯಿ ಮುಚ್ಚಿಕೊಂಡು ನಕ್ಕು, "ಅತ್ತೆ, ನೀವು ಮೊದ್ಲೇ ಸಿಕ್ಕಿದ್ರೆ ಅಮ್ಮಂಗೆ ಎಷ್ಟು ಉಳೀತಿತ್ತು!" ಎಂದುಬಿಟ್ಟಳು. ಮದುವೆಗೆ ಇನ್ನೂ ಒಂದು ದಿನ ಇತ್ತು. ಅತ್ತೆ ಅನ್ನುವ ಮಾತು ಆ ಹುಡುಗಿಯ ಬಾಯಲ್ಲಿ ಆಗಲೇ ಬೆಣ್ಣೆಯ ಹಾಗೆ ಜಾರುತ್ತಿತ್ತು. ಇಪ್ಪತ್ತೈದು ವರ್ಷ ಸೂಜಿ ಹಿಡಿದು ಸಾಕಿದವಳು ಮೂಲೆಯಲ್ಲಿ ನಿಂತು ಸೆರಗಿನ ತುದಿ ಸುತ್ತಿದಳು.

ಕಾಜಾ ಅಮ್ಮ ಎನ್ನುವುದು ದರ್ಜಿ ಅಂಗಡಿಯವರು ಇಟ್ಟ ಹೆಸರು. ಅಂಗಿಗೆ ಗುಂಡಿ ಹಚ್ಚುವುದು, ಗುಂಡಿ ತೂರಲು ಕಾಜಾ ಹೊಲಿಯುವುದು ಅವಳ ಕೆಲಸ. ಗಂಡ ಹೋದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಬೀಗಿತ್ತಿಗೂ ಒಂದು ಅಡ್ಡಹೆಸರಿತ್ತು, ಚಿಲ್ಲರೆಯಮ್ಮ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಮುದುಕಿಯಾದವಳು. ನೋಟು ಕಿಟಕಿಯೊಳಗೆ ಬರುವ ಮೊದಲೇ ಚಿಲ್ಲರೆ ಹೊರಗೆ ಬಂದಿರುತ್ತಿತ್ತು ಎನ್ನುತ್ತಿದ್ದರು. ಅವಳೂ ಗಂಡನಿಲ್ಲದವಳೇ. ಆದರೆ ಅವಳಿದ್ದದ್ದು ಮಗ ಸೊಸೆಯ ಜೊತೆ, ಒಂದೇ ಸೂರಿನ ಕೆಳಗೆ, ಒಂದೇ ಅಡಿಗೆಮನೆಯಲ್ಲಿ. ಮೊಮ್ಮಗಳು ಬೆಳಿಗ್ಗೆ ಕಣ್ಣು ಬಿಟ್ಟರೆ ಕಾಣುವುದು ಆ ಮುಖ. ಕಾಜಾ ಅಮ್ಮನ ಮುಖ ಕಾಣಬೇಕಾದರೆ ಬಸ್ಸು ಹತ್ತಬೇಕು.

ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಅಪ್ಪನ ತಾಯಿಯನ್ನು ಅಜ್ಜಿ ಎಂದೂ ಅಮ್ಮನ ತಾಯಿಯನ್ನು ಅಮ್ಮಮ್ಮ ಎಂದೂ ಕರೆಯುತ್ತಿದ್ದಳು. ಅಮ್ಮಮ್ಮ ಎಂಬುದರಲ್ಲಿ ಎರಡು ಸಲ ಅಮ್ಮ ಇದೆ, ಅಜ್ಜಿಯಲ್ಲಿ ಒಂದೂ ಇಲ್ಲ ಎಂದು ಕಾಜಾ ಅಮ್ಮ ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆಯುರಿಗೆ ಇಂಥ ತಣ್ಣೀರಿನ ಬಟ್ಟೆ ಎಷ್ಟು ಹೊತ್ತು?

ಗುಬ್ಬಿಗೆ ಏಳು ತುಂಬಿದಾಗ ಈಜು ಕಲಿಯಲು ಸೇರಿಸಿದರು. ಶನಿವಾರ ಶನಿವಾರ ಪಾಠ. ಈಜುಕೊಳದವರು ಮಗುವಿನ ಕಾರ್ಡಿನ ಜೊತೆಗೆ ಹಿರಿಯರ ಕಾರ್ಡನ್ನೂ ಕೊಡುತ್ತಿದ್ದರು. ಅದಿದ್ದರೆ ವರ್ಷವಿಡೀ ಯಾವಾಗ ಬೇಕಾದರೂ ಒಳಗೆ ಬರಬಹುದು, ಮೊಣಕಾಲು ನೋವಿನವರಿಗೆಂದೇ ಇಟ್ಟ ಬೆಚ್ಚನೆಯ ಕೊಳಕ್ಕೂ ಇಳಿಯಬಹುದು. ಮೊದಲ ವರ್ಷಕ್ಕೆ ರಿಯಾಯಿತಿ ಬೆಲೆ, ಒಂದು ಕಾರ್ಡಿಗೆ ಎರಡು ಸಾವಿರದ ನಾನೂರು. ಮಗಳು ಎರಡು ಕಾರ್ಡು ಮಾಡಿಸಿದಳು. ಒಂದು ಅತ್ತೆಗೆ, ಒಂದು ಅಮ್ಮನಿಗೆ. "ಇಬ್ರೂ ನಂಗೆ ಒಂದೇ," ಎಂದಳು.

ಕಾಜಾ ಅಮ್ಮ ಆ ಕಾರ್ಡಿಗೆ ಒಂದು ಬಟ್ಟೆಯ ಚೀಲ ಹೊಲಿದಳು. ಚೀಲಕ್ಕೆ ಕಾಜಾ, ಕಾಜಾಕ್ಕೆ ಮುತ್ತಿನ ಬಣ್ಣದ ಗುಂಡಿ. ಅವಳಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಕಾರ್ಡಿನ ಮೇಲಿದ್ದ ತನ್ನ ಹೆಸರನ್ನು ಬೆರಳಿಟ್ಟು ಓದಿದಳು. ಬೀಗಿತ್ತಿಯ ಹೆಸರಿಗಿಂತ ತನ್ನದು ಒಂದಕ್ಷರವೂ ಚಿಕ್ಕದಾಗಿ ಅಚ್ಚಾಗಿಲ್ಲ ಎಂಬುದನ್ನೂ ನೋಡಿಕೊಂಡಳು.

ನೀರು ಮಾತ್ರ ಒಗ್ಗಲಿಲ್ಲ. ಎರಡು ಸಲ ಇಳಿದಳು. ಮೊದಲ ಸಲ ಕೊಳದವರು ಕೊಟ್ಟ ಈಜುಡುಪಿನಲ್ಲಿ ತನ್ನ ಕಾಲನ್ನು ತಾನೇ ನೋಡಿ ನಾಚಿ ಮುದುಡಿದಳು. ಎರಡನೆಯ ಸಲ ಕಾಲ ಕೆಳಗಿನ ಟೈಲ್ಸು ಜಾರಿದಂತಾಗಿ ಕಂಬಿ ಹಿಡಿದವಳು ಬಿಡಲಿಲ್ಲ. ಆಮೇಲೆ ದಡದ ಬೆಂಚೇ ಗತಿ. ಗುಬ್ಬಿಯ ಚಪ್ಪಲಿ, ಬಾಚಣಿಗೆ, ಒಣಗಿದ ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಚಿಲ್ಲರೆಯಮ್ಮನೋ, ಅರವತ್ತು ದಾಟಿದ ಮೇಲೆ ಕೈಕಾಲು ಬಡಿಯುವುದನ್ನು ಕಲಿತು, ತಲೆಗೆ ನೀಲಿ ಟೊಪ್ಪಿ ಏರಿಸಿ, ಮೊಮ್ಮಗಳ ಪಕ್ಕದಲ್ಲೇ ಬುಳಕ್ಕನೆ ಮುಳುಗಿ ಬುಸ್ಸೆಂದು ಏಳುತ್ತಿದ್ದಳು. ಶನಿವಾರ ಸಾಲದೆಂದು ವಾರದ ನಡುವೆಯೂ ಹೋಗಿ ಈಜಿ ಬರುತ್ತಿದ್ದಳು. ಗುಬ್ಬಿ ನೀರಿನಲ್ಲಿ ಕಿಲಕಿಲ ನಗುವುದು, "ಅಜ್ಜಿ, ನನ್ನ ಹಿಡಿ ನೋಡೋಣ!" ಎಂದು ಕೂಗುವುದು, ಆ ದೊಡ್ಡ ತಗಡಿನ ಚಾವಣಿಗೆ ಬಡಿದು ನಾಲ್ಕು ಪಟ್ಟಾಗಿ ಬೆಂಚಿಗೆ ಬಂದು ಬೀಳುತ್ತಿತ್ತು. ಕಾಜಾ ಅಮ್ಮ ಮಡಚಿದ್ದ ಟವೆಲ್ಲನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು.

ಒಂದೇ ಒಂದು ಗಳಿಗೆ ಅವಳದಾಗಿತ್ತು. ಪಾಠ ಮುಗಿದು ಗುಬ್ಬಿ ನಡುಗುತ್ತ ಬಂದು ಮೊಣಕಾಲ ನಡುವೆ ನಿಲ್ಲುತ್ತಿದ್ದಳು. ಕಾಜಾ ಅಮ್ಮ ಅವಳ ತಲೆ ಒರೆಸುತ್ತಿದ್ದಳು. ಕೂದಲ ಬುಡದಿಂದ ತುದಿಯವರೆಗೆ, ಕಿವಿಯ ಹಿಂದೆ, ಕತ್ತಿನ ಕುಳಿಯಲ್ಲಿ, ಸ್ವಲ್ಪವೂ ಅವಸರವಿಲ್ಲದೆ. ಚಿಲ್ಲರೆಯಮ್ಮ ಆಗ ತನ್ನ ಬಟ್ಟೆ ಬದಲಿಸಲು ಹೋಗಿರುತ್ತಿದ್ದಳು.

ವರ್ಷ ಮುಗಿಯುತ್ತ ಬಂತು. ಒಂದು ಭಾನುವಾರ ಮಗಳ ಮನೆಯಲ್ಲಿ ಊಟಕ್ಕೆ ಕೂತಾಗ ಅಳಿಯ ಫೋನು ನೋಡುತ್ತ ಹೇಳಿದ, "ಮುಂದಿನ ತಿಂಗಳು ಹತ್ತನೇ ತಾರೀಖು ಈಜುಕೊಳದ ಕಾರ್ಡೆಲ್ಲ ತಾವಾಗೇ ಮುಂದಿನ ವರ್ಷಕ್ಕೆ ಹೋಗ್ತವಂತೆ. ದುಡ್ಡು ನನ್ನ ಖಾತೆಯಿಂದ ಕಟ್ಟಾಗತ್ತೆ. ಬೇಡ ಅಂದ್ರೆ ಮೂರು ದಿನ ಮುಂಚೆ ತಿಳಿಸ್ಬೇಕಂತೆ."

"ರಿಯಾಯಿತಿ?" ಎಂದಳು ಚಿಲ್ಲರೆಯಮ್ಮ.

"ಅದು ಮೊದಲ ವರ್ಷಕ್ಕೆ ಮಾತ್ರ. ಈಗ ಹಿರಿಯರ ಕಾರ್ಡು ಒಂದಕ್ಕೆ ಮೂರು ಸಾವಿರದ ಆರುನೂರು."

"ಹಾಗಾದ್ರೆ ಲೆಕ್ಕ ಹಾಕೋಣ. ಕಾರ್ಡಿಲ್ದೆ ಹೋದ್ರೆ ಹಿರಿಯರಿಗೆ ಒಂದು ಸಲದ ಟಿಕೆಟ್ಟು ನೂರು. ಮೂರು ಸಾವಿರದ ಆರುನೂರನ್ನ ಹೋದಷ್ಟು ಸಲಕ್ಕೆ ಹಂಚಿ ನೋಡು. ಒಂದು ಸಲಕ್ಕೆ ನೂರಕ್ಕಿಂತ ಕಮ್ಮಿ ಬಿದ್ರೆ ಇಟ್ಕೋ. ಜಾಸ್ತಿ ಬಿದ್ರೆ ಬಿಟ್ಟಾಕು, ಬೇಕಾದಾಗ ಟಿಕೆಟ್ ತಗೋ. ಅಷ್ಟೇ ತಾನೆ?"

ಇಷ್ಟು ಹೇಳಿ ಅವಳು ಕಣ್ಣೆತ್ತಿ ಕಾಜಾ ಅಮ್ಮನ ಕಡೆ ನೋಡಿದಳು. ನೋಡಿದಳೋ ಇಲ್ಲವೋ, ಕಾಜಾ ಅಮ್ಮನಿಗಂತೂ ಹಾಗೆ ಕಂಡಿತು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು. ಓಹೋ, ಇದು ನನ್ನ ಹೆಸರು ಹೊಡೆಯುವ ಉಪಾಯ. ಅವಳು ಕಾರ್ಡಿನವಳಾಗಿ ಉಳಿಯುತ್ತಾಳೆ, ನಾನು ಬಂದುಹೋಗುವ ನೆಂಟಳಾಗುತ್ತೇನೆ. ಆಮೇಲೆ ಶನಿವಾರ ನನ್ನನ್ನು ಯಾರು ಕಾಯುತ್ತಾರೆ?

ಮರುದಿನ ಅಂಗಡಿಯಲ್ಲಿ ಅವಳು ದರ್ಜಿ ಮೇಷ್ಟ್ರನ್ನು ಕೇಳಿದಳು, "ಮೂರು ಸಾವಿರದ ಆರುನೂರು ಹಂಚಿದ್ರೆ ತಲಾ ನೂರು ಬರೋಕೆ ಎಷ್ಟು ಸಲ ಆಗ್ಬೇಕು ಮೇಷ್ಟ್ರೇ?"

"ಮೂವತ್ತಾರು. ಯಾಕಮ್ಮ, ಬಟ್ಟೆ ವ್ಯಾಪಾರ ಶುರು ಮಾಡ್ತೀರಾ?"

"ಅದಕ್ಕಿಂತ ದೊಡ್ಡ ವ್ಯಾಪಾರ," ಎಂದು ದಾರ ಕಚ್ಚಿ ಹರಿದಳು.

ಈಜುಕೊಳದ ಬಾಗಿಲಲ್ಲಿ ಒಂದು ಯಂತ್ರವಿತ್ತು. ಕಾರ್ಡು ತೋರಿಸಿದರೆ ಕುಯ್ಯೆಂದು ಕಂಬಿ ತೆರೆಯುತ್ತಿತ್ತು, ಒಂದು ಪ್ರವೇಶ ಎಂದು ಬರೆದುಕೊಳ್ಳುತ್ತಿತ್ತು. ಒಳಗೆ ಹೋದವರು ನೀರಿಗಿಳಿದರೋ ಬೆಂಚಿಗಿಳಿದರೋ ಅದಕ್ಕೆ ಬೇಕಿರಲಿಲ್ಲ. ಇದನ್ನು ಕಾಜಾ ಅಮ್ಮ ಚೆನ್ನಾಗಿ ಗಮನಿಸಿದ್ದಳು. ಆ ಬುಧವಾರ ಗುಂಡಿಯ ಕೆಲಸ ಬೇಗ ಮುಗಿಸಿ ಬಸ್ಸು ಹತ್ತಿದಳು. ಕುಯ್ಯೆನ್ನಿಸಿ ಒಳಗೆ ಹೋದಳು. ಬೆಂಚಿನ ಮೇಲೆ ಸ್ವಲ್ಪ ಕೂತು ಹೊರಗೆ ಬಂದು ಎದುರಿನ ಗೂಡಂಗಡಿಯಲ್ಲಿ ಚಹಾ ಕುಡಿದಳು. ಮತ್ತೆ ಕುಯ್ಯೆನ್ನಿಸಿ ಒಳಗೆ ಹೋದಳು. ಶುಕ್ರವಾರವೂ ಬಂದಳು. ಕೌಂಟರಿನ ಹೆಂಗಸು, "ಏನಜ್ಜಿ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು.

"ಇಲ್ಲಮ್ಮ, ಉಳಿಸ್ಕೋತಿದೀನಿ," ಎಂದಳು ಕಾಜಾ ಅಮ್ಮ.

ಖಾಲಿ ಬೆಂಚಿನ ಮೇಲೆ ಒಬ್ಬಳೇ ಕೂತಾಗ ಅವಳಿಗೆ ಬೇಜಾರಾಗುತ್ತಿದ್ದದ್ದು ನಿಜ. ಯಾರ ಮಕ್ಕಳೋ ನೀರು ಎರಚಾಡುತ್ತಿದ್ದವು. ಸೀರೆಯ ಅಂಚು ಒದ್ದೆಯಾಗುತ್ತಿತ್ತು. ಅಂಗಡಿಯಲ್ಲಿ ಅಂಗಿಗಳು ರಾಶಿ ಬಿದ್ದು ಮೇಷ್ಟ್ರ ಮುಖ ಊದಿತ್ತು. ಆದರೂ ಬಿಡಲಿಲ್ಲ. ಬೀಗಿತ್ತಿಯ ನೀಲಿ ಟೊಪ್ಪಿ ನೆನಪಾದರೆ ಸಾಕು, ಮೊಣಕಾಲಿಗೆ ತಾನಾಗಿ ಬಲ ಬರುತ್ತಿತ್ತು.

ಹತ್ತನೇ ತಾರೀಖು ಹತ್ತಿರವಾದಾಗಿನ ಭಾನುವಾರ ಮತ್ತೆ ಎಲ್ಲರೂ ಸೇರಿದರು. ಅಳಿಯ ಫೋನಿನಲ್ಲಿ ಎರಡು ಕಾರ್ಡಿನ ಪ್ರವೇಶ ತೆಗೆದ. ಗುಬ್ಬಿ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು.

"ಅಮ್ಮಂದು ತೊಂಬತ್ತು ಸಲ," ಎಂದ ತನ್ನ ತಾಯಿಯ ಕಡೆ ನೋಡಿ.

"ಮೂರು ಸಾವಿರದ ಆರುನೂರು, ತೊಂಬತ್ತು ಸಲ. ಸಲಕ್ಕೆ ನಲವತ್ತು," ಎಂದಳು ಚಿಲ್ಲರೆಯಮ್ಮ, ಅವನು ಗುಂಡಿ ಒತ್ತುವ ಮೊದಲೇ.

"ನಾವು ಕೊಟ್ಟಿದ್ದು ಎರಡು ಸಾವಿರದ ನಾನೂರಲ್ವಾ ಅತ್ತೆ?" ಎಂದಳು ಮಗಳು.

"ಕೊಟ್ಟಿದ್ದು ಹೋಯ್ತಲ್ಲಮ್ಮ, ಅದೇನು ವಾಪಸ್ ಬರಲ್ಲ. ಇನ್ನು ಕೊಡೋ ದುಡ್ಡಿಗೆ ಲೆಕ್ಕ. ಹೊಸ ಬೆಲೆ ಇಟ್ಟೇ ಹಂಚ್ಬೇಕು."

"ಅತ್ತೇದು," ಎಂದು ಅಳಿಯ ಹುಬ್ಬು ಹಾರಿಸಿದ, "ಐವತ್ತೆಂಟು!"

ಕಾಜಾ ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. "ಎಷ್ಟು ಬೀಳತ್ತೆ ಅಳಿಯಂದ್ರೇ?"

"ಅರವತ್ತೆರಡು ಚಿಲ್ಲರೆ."

"ನೂರಕ್ಕಿಂತ ಕಮ್ಮೀನೇ ಆಯ್ತಲ್ಲ," ಎಂದು ಅವಳು ಬೀಗಿತ್ತಿಯ ಕಡೆ ತಿರುಗಿದಳು. ಆ ಕ್ಷಣಕ್ಕೆ ಅವಳ ಮುಖದಲ್ಲಿ ಬೆಳಗಿದ ದೀಪವನ್ನು ಆ ಮನೆಯವರು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಚಿಲ್ಲರೆಯಮ್ಮ ಫೋನು ಕೈಗೆ ತೆಗೆದುಕೊಂಡಳು. ಕನ್ನಡಕ ಮೂಗಿನ ತುದಿಗೆ ಇಳಿಸಿ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತಳ್ಳಿದಳು. ಟಿಕೆಟ್ ಕಿಟಕಿಯ ಹಿಂದೆ ಹರಿದ ನೋಟು ಕೊಟ್ಟವರನ್ನು ಹೀಗೇ ನೋಡುತ್ತಿದ್ದಳೇನೋ.

"ಬೀಗಿತ್ತೀ, ಈ ಬುಧವಾರ ಮೂರು ಸಲ ಒಳಗೆ ಹೋಗಿದೀರಿ."

"ಹೋಗಿದೀನಿ. ಕಾರ್ಡು ನಂದು."

"ಬುಧವಾರ ಗುಬ್ಬಿ ಸ್ಕೂಲಲ್ಲಿದ್ಲು. ಯಾರ ತಲೆ ಒರೆಸಿ ಬಂದ್ರಿ?"

ಮಗಳು ನಗು ತಡೆಯಲಾಗದೆ ನೀರು ತರುವ ನೆಪದಲ್ಲಿ ಎದ್ದು ಹೋದಳು. ಅಳಿಯ ಚಾವಣಿ ನೋಡಿದ. ಕಾಜಾ ಅಮ್ಮನ ಪಿತ್ತ ನೆತ್ತಿಗೇರಿತು.

"ನಿಮ್ಮ ಹಾಗೆ ನೀರಲ್ಲಿ ಕುಣಿಯೋಕೆ ನಂಗೆ ಬರಲ್ಲ. ಅಂದ್ರೆ ನಾನು ಲೆಕ್ಕಕ್ಕಿಲ್ವಾ? ಯಂತ್ರಾನೇ ಐವತ್ತೆಂಟು ಅಂತಿದೆ. ಯಂತ್ರಕ್ಕಿಂತ ನೀವು ದೊಡ್ಡವ್ರಾ?"

"ಯಂತ್ರ ಕಂಬಿ ತೆಗ್ದಿದ್ದನ್ನ ಎಣಿಸತ್ತೆ. ನಾವು ಉಪಯೋಗ ಆಗಿದ್ದನ್ನ ಎಣಿಸ್ಬೇಕು. ಚಹಾ ಕುಡಿದು ವಾಪಸ್ ಹೋದ್ರೆ ಅದು ಇನ್ನೊಂದು ಸಲ ಆಗತ್ತಾ? ಹಂಚೋ ಸಲ ಹೆಚ್ಚು ಮಾಡಿದ್ರೆ ಬೆಲೆ ಇಳಿದ ಹಾಗೆ ಕಾಣತ್ತೆ ಅಷ್ಟೇ. ಕಟ್ಟೋ ದುಡ್ಡು ಒಂದು ಕಾಸೂ ಇಳಿಯಲ್ಲ. ಮೇಲಿಂದ ಬಸ್ಸಿನ ದುಡ್ಡು ಬೇರೆ ಹೋಯ್ತು. ಚಹಾ ಬೇರೆ."

"ಚಹಾ ನಾನೇ ಕುಡಿದಿದ್ದು, ನಿಮಗ್ಯಾಕೆ ಬಾಯಿ ಸುಡತ್ತೆ?"

"ಸುಡಲ್ಲ ಬಿಡಿ." ಚಿಲ್ಲರೆಯಮ್ಮ ಪಟ್ಟು ಬಿಡುವವಳಲ್ಲ. ಒಂದೇ ದಿನದ ಎರಡೆರಡು ಮೂರುಮೂರು ಪ್ರವೇಶಗಳನ್ನು ಒಂದಾಗಿ ಕೂಡಿದಳು. ಮೂವತ್ತೊಂದು ದಿನ ಉಳಿಯಿತು. ಅದರಲ್ಲಿ ಗುಬ್ಬಿ ಇಲ್ಲದೆ ಹೋದದ್ದು ಒಂಬತ್ತು. ಉಳಿದದ್ದು ಇಪ್ಪತ್ತೆರಡು ಶನಿವಾರ. "ಇದ್ರಲ್ಲಿ ನೀರಿಗಿಳಿದಿದ್ದು?"

"ಎರಡು ಸಲ," ಎಂದಳು ಗುಬ್ಬಿ, ಬಣ್ಣದ ಕಡ್ಡಿ ಎತ್ತದೆ. "ಅಮ್ಮಮ್ಮಂಗೆ ನೀರಂದ್ರೆ ಭಯ."

ಬೇರೆ ಯಾರು ಹೇಳಿದ್ದರೂ ಕಾಜಾ ಅಮ್ಮ ತಡೆದುಕೊಳ್ಳುತ್ತಿದ್ದಳು. ಆ ಬಾಯಿಂದ ಬಂದದ್ದು ನೇರ ಒಳಗೆ ಹೋಯಿತು. ಎದ್ದು ಚಪ್ಪಲಿ ಹುಡುಕತೊಡಗಿದಳು. "ತೆಗೆದಾಕಿ. ನನ್ನ ಹೆಸರು ತೆಗೆದಾಕಿ. ನಿಮ್ಮನೆ ಲೆಕ್ಕಕ್ಕೆ ನಾನು ಭಾರ."

"ಕೂತ್ಕೊಳ್ಳಿ," ಎಂದಳು ಚಿಲ್ಲರೆಯಮ್ಮ. ಗದರಿಕೆಯ ದನಿಯೇ. "ಪೂರ್ತಿ ಕೇಳದೆ ಎದ್ದೋಗೋರಿಗೆ ನಾನು ಚಿಲ್ಲರೆ ಕೊಡಲ್ಲ. ನಿಮಗೆ ಬೇಕಾಗಿರೋದು ನೀರಾ, ಬೆಂಚಾ?"

ಕಾಜಾ ಅಮ್ಮ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ನಿಂತಳು.

"ಬೆಂಚು," ಎಂದಳು ಕೊನೆಗೆ.

"ಬೆಂಚಿಗೆ ಕಾರ್ಡೇ ಬೇಕಿಲ್ಲ. ಮಕ್ಕಳ ಜೊತೆ ಬಂದು ಬರೀ ಕೂರೋರಿಗೆ ಬೇರೆ ಚೀಟಿ ಕೊಡ್ತಾರೆ, ಇಪ್ಪತ್ತು. ಕೌಂಟರಲ್ಲಿ ಬೋರ್ಡೇ ಇದೆ. ವರ್ಷದಲ್ಲಿ ಒಂದು ಶನಿವಾರಾನೂ ತಪ್ಪಿಸದೆ ಬಂದ್ರೂ ಸಾವಿರದ ನಲವತ್ತು ಆಗತ್ತೆ. ಅದಕ್ಕೆ ಮೂರು ಸಾವಿರದ ಆರುನೂರು ಯಾಕೆ ಸುರೀಬೇಕು? ನೀರಿನ ಲೆಕ್ಕ ಹಿಡಿದ್ರೆ ಎರಡು ಸಲಕ್ಕೆ ಹಂಚ್ಬೇಕು, ಒಂದೊಂದು ಮುಳುಗಿಗೆ ಸಾವಿರದ ಎಂಟುನೂರು. ಅಷ್ಟು ದುಡ್ಡಿಗೆ ಸಮುದ್ರಾನೇ ತೋರಿಸ್ಬಹುದು ನಿಮಗೆ."

ಲೆಕ್ಕ ಸರಿಯಾಗಿತ್ತು. ಕಾಜಾ ಅಮ್ಮ ಬಟ್ಟೆ ಅಳೆಯುವವರ ನಡುವೆ ಬಾಳಿದವಳು, ಸರಿಯಾದದ್ದನ್ನು ಸರಿಯಿಲ್ಲ ಎನ್ನಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ಲೆಕ್ಕ ಸರಿಯಾಗಿದ್ದಷ್ಟೂ ಉರಿ ಹೆಚ್ಚಾಯಿತು. ಚೀಟಿ ಕೊಂಡು ಕೂರುವವಳು ಚೀಟಿಯವಳೇ, ನಲವತ್ತರಂತೆ ಈಜುವವಳು ಕಾರ್ಡಿನವಳು.

"ಸರಿ," ಎಂದಳು. "ನಂದು ಬೇಡ. ನಿಮ್ಮದು ಇಟ್ಕೊಳ್ಳಿ. ನಲವತ್ತೇ ಬೀಳತ್ತಲ್ಲ."

"ನಂದೂ ಬೇಡ," ಎಂದಳು ಚಿಲ್ಲರೆಯಮ್ಮ.

ಅಳಿಯ ಫೋನಿನಿಂದ ತಲೆ ಎತ್ತಿದ. "ಯಾಕಮ್ಮ? ನಿಂದು ಲಾಭದ್ದೇ ಅಲ್ವಾ?"

"ತೊಂಬತ್ತು ಸಲ ಹೋಗಿದ್ದು ಹೋದ ವರ್ಷ ಕಣೋ. ದುಡ್ಡು ಕಟ್ಟೋದು ಬರೋ ವರ್ಷಕ್ಕೆ. ಹಿಂದಿನದನ್ನ ನೋಡೋದು ಮುಂದಿನದರ ಅಂದಾಜಿಗೆ ಅಷ್ಟೇ." ಅವಳು ಬಲಗೈಯನ್ನು ಪಕ್ಕಕ್ಕೆ ಎತ್ತಿದಳು. ಕೈ ಎದೆಯ ಮಟ್ಟದವರೆಗೆ ಬಂದು ನಿಂತಿತು, ಅಲ್ಲಿಂದ ಮೇಲೆ ಏಳಲಿಲ್ಲ. ಹಲ್ಲು ಕಚ್ಚಿ ಇಳಿಸಿದಳು. "ಭುಜದ ಡಾಕ್ಟ್ರು ನೀರಿಗೆ ಇಳೀಬೇಡಿ ಅಂದಿದಾರೆ. ಆಪರೇಷನ್ ಆಗ್ಬೇಕಂತೆ. ಆಮೇಲೂ ಈಜೋದು ಕಷ್ಟ ಅಂದ್ರು. ಬರೋ ವರ್ಷ ನನ್ನ ಲೆಕ್ಕ ಸೊನ್ನೆ. ಮೂರು ಸಾವಿರದ ಆರುನೂರನ್ನ ಸೊನ್ನೆಗೆ ಹೇಗೆ ಹಂಚ್ತೀಯೋ?"

ಮಗಳು ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಈ ಡಾಕ್ಟರ ಮಾತು ಅವಳಿಗೂ ಹೊಸದು. ಅಳಿಯ ಎರಡು ಕಾರ್ಡನ್ನೂ ಬೇಡವೆಂದು ಒತ್ತಿದ, ಗುಬ್ಬಿಯ ಕಾರ್ಡನ್ನು ಮಾತ್ರ ಉಳಿಸಿದ. ರದ್ದಾಯಿತು ಎಂಬ ಸಂದೇಶ ಬರುವ ತನಕ ಚಿಲ್ಲರೆಯಮ್ಮ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಒತ್ತಿದ್ರೆ ಸಾಲ್ದು, ಅವ್ರು ಒಪ್ಕೊಂಡಿದ್ದು ಬರ್ಬೇಕು," ಎಂದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಕಾಜಾ ಅಮ್ಮನಿಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಸ್ವಲ್ಪ ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಅನ್ನಿಸಿದ್ದು ಇನ್ನೊಂದು. ನೀರಿನಿಂದ ಎದ್ದವಳು ಈಗ ಎಲ್ಲಿಗೆ ಬಂದು ಕೂರುತ್ತಾಳೆ?

ಅವಳೆಣಿಸಿದಂತೆಯೇ ಆಯಿತು. ಹತ್ತನೇ ತಾರೀಖು ಕಳೆದ ಮುಂದಿನ ಶನಿವಾರ ಇಬ್ಬರೂ ಇಪ್ಪತ್ತರ ಚೀಟಿ ಕೊಂಡು ಒಳಗೆ ಬಂದರು, ಒಂದೇ ಬೆಂಚಿನ ಮೇಲೆ ಕೂತರು. ಕಾಜಾ ಅಮ್ಮ ತನ್ನ ಚೀಲವನ್ನು ನಡುವೆ ಇಟ್ಟಳು. ಚಿಲ್ಲರೆಯಮ್ಮ ಆ ಚೀಲದ ಮೇಲೆ ತನ್ನ ಕೈಚೀಲ ಇಟ್ಟಳು. ಗುಬ್ಬಿ ನೀರಿನಿಂದ, "ಅಜ್ಜೀ, ಅಮ್ಮಮ್ಮಾ, ನೋಡಿ!" ಎಂದು ಕೂಗಿದಳು. ಕಾಜಾ ಅಮ್ಮ ಮೊದಲು ಬಂದ ಹೆಸರು ಯಾವುದು ಎಂದು ಲಕ್ಷ್ಯವಿಟ್ಟು ಕೇಳಿದಳು.

"ಕಾಲು ಸರಿಯಾಗಿ ಬಡೀತಿಲ್ಲ," ಎಂದು ಚಿಲ್ಲರೆಯಮ್ಮ ಗೊಣಗಿದಳು. ಅವಳ ಎಡಗಾಲು ಬೆಂಚಿನ ಕೆಳಗೆ ತಾನೇ ಬಡಿದುಕೊಳ್ಳುತ್ತಿತ್ತು. "ಮೊಣಕಾಲು ಬಗ್ಗಿಸ್ತಿದಾಳೆ."

"ನಂಗೆ ಚೆನ್ನಾಗೇ ಕಾಣ್ತಿದೆ."

"ನಿಮಗೆ ಕಾಣತ್ತೆ ಬಿಡಿ. ಅವಳು ಮುಳುಗಿದ್ರೂ ಚೆನ್ನಾಗಿ ಮುಳುಗಿದ್ಲು ಅಂತೀರಿ."

ಕಾಜಾ ಅಮ್ಮನಿಗೆ ನಗು ಬಂತು, ನುಂಗಿಕೊಂಡಳು. ಹೀಗೆ ನಾಲ್ಕೈದು ಶನಿವಾರ ಕಳೆದವು. ನೀರು ಎರಚಿದಾಗ ಇಬ್ಬರೂ ಒಟ್ಟಿಗೆ ಕಾಲು ಎತ್ತುವುದು ರೂಢಿಯಾಯಿತು. ಆದರೆ ಗುಬ್ಬಿ ಬಂದು ನಿಲ್ಲುವ ಹೊತ್ತಿಗೆ ಕಾಜಾ ಅಮ್ಮ ಟವೆಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ಬಟ್ಟೆ ಬದಲಿಸಲು ಹೋಗುವ ನೆಪ ಈಗ ಬೀಗಿತ್ತಿಗೆ ಇರಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

ಅದರ ಮುಂದಿನದು ಆ ಬೆಂಚಿನ ಮೇಲೆ ಚಿಲ್ಲರೆಯಮ್ಮನ ಕೊನೆಯ ಶನಿವಾರ. ಸೋಮವಾರ ಅವಳನ್ನು ಆಪರೇಷನ್ನಿಗೆಂದು ಬೇರೆ ಊರಿನಲ್ಲಿದ್ದ ಅವಳದೇ ದೊಡ್ಡ ಮಗಳ ಮನೆಗೆ ಕರೆದುಕೊಂಡು ಹೋದರು, ಮುಂದೆ ಅವಳು ಅಲ್ಲೇ ಉಳಿದಳು. ಅಲ್ಲಿಂದ ಫೋನು ಮಾಡಿ ಮಗನ ಜೊತೆ, ಸೊಸೆಯ ಜೊತೆ, ಗುಬ್ಬಿಯ ಜೊತೆ ಮಾತಾಡುತ್ತಿದ್ದಳು. ಬೀಗಿತ್ತಿ ಚೆನ್ನಾಗಿದ್ದಾರಾ ಎಂದು ಅವರ ಬಾಯಲ್ಲೇ ಕೇಳಿಸುತ್ತಿದ್ದಳು. ಬೀಗಿತ್ತಿಯನ್ನು ನೇರವಾಗಿ ಏನಾದರೂ ಕೇಳಿದ್ದು ಎಂದರೆ ಆ ಶನಿವಾರ ಬೆಂಚಿನ ಮೇಲೆ ಕೇಳಿದ್ದೇ ಕೊನೆ.

ಗುಬ್ಬಿ ತುಟಿ ನೀಲಿಗಟ್ಟಿ, ಕೈ ಎದೆಗವುಚಿಕೊಂಡು ಓಡಿ ಬಂದಳು. ಕಾಜಾ ಅಮ್ಮ ಟವೆಲ್ಲು ಬಿಡಿಸಿದಳು. ಚಿಲ್ಲರೆಯಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಲು ನೋಡಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವಳು ಕೊಳದ ಕಡೆಗೇ ನೋಡುತ್ತ, ಟಿಕೆಟ್ ಕಿಟಕಿಯಲ್ಲಿ ಒಮ್ಮೆಯೂ ಬಳಸಿರದ ಮೆಲುದನಿಯಲ್ಲಿ ಹೇಳಿದಳು:

"ಬೀಗಿತ್ತೀ, ಇವತ್ತೊಂದು ದಿನ ಅವಳ ತಲೆ ನಾನು ಒರೆಸ್ತೀನಿ. ನನ್ನ ಮೊಣಕೈ ನೀವು ಕೆಳಗಿಂದ ಎತ್ತಿ ಹಿಡ್ಕೊಳ್ತೀರಾ?"